ಅಮೆರಿಕ ವೀಸಾ ಸಂದರ್ಶನಕ್ಕೆ ಅಪ್ಪ ಪಂಚೆ, ಅಮ್ಮ ಮೈಸೂರು ಸಿಲ್ಕ್ ಅಂತಿದ್ದಾರೆ. ಅಣ್ಣ ಸೂಟ್ ಅಂತಾನೆ. ಏನು ಮಾಡಲಿ?

ಮೈಸೂರು_ಮಗಳು
ಎಲ್ಲರಿಗೂ ನಮಸ್ಕಾರ. ಅಪ್ಪ ಅಮ್ಮನಿಗೆ ಬಿ1/ಬಿ2 ಪ್ರವಾಸಿ ವೀಸಾ ಸಂದರ್ಶನ ಇದೆ, ಚೆನ್ನೈನಲ್ಲಿ. ಮಂಗಳವಾರ ಬೆರಳಚ್ಚು, ಬುಧವಾರ ಕಾನ್ಸುಲೇಟ್. ಅಣ್ಣ ಡಲ್ಲಾಸ್‌ನಲ್ಲಿದ್ದಾನೆ, ನವೆಂಬರ್‌ನಲ್ಲಿ ಅತ್ತಿಗೆಗೆ ಹೆರಿಗೆ. ಬಾಣಂತನಕ್ಕೆ ಅಮ್ಮ ಹೋಗಲೇಬೇಕು.

ಕಾಗದಪತ್ರ ಎಲ್ಲಾ ಸರಿಯಾಗಿದೆ. ಮನೆಯಲ್ಲಿ ಜಗಳ ಆಗುತ್ತಿರುವುದು ಬಟ್ಟೆಗೆ. ಅಪ್ಪನಿಗೆ 67, ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದರು. ನಿವೃತ್ತಿ ಆದಮೇಲೆ ಒಂದು ದಿನವೂ ಪ್ಯಾಂಟ್ ಹಾಕಿಲ್ಲ, ಬಿಳಿ ಪಂಚೆ, ಅರ್ಧ ತೋಳಿನ ಶರ್ಟ್ ಅಷ್ಟೇ. ಹಳೇ ಪ್ಯಾಂಟ್ ಯಾವುದೂ ಸೊಂಟಕ್ಕೆ ಬರಲ್ಲ. ಅಣ್ಣ ಫೋನಿನಲ್ಲಿ "ಸೂಟ್ ಹೊಲಿಸಿ, ಇಲ್ಲಾಂದ್ರೆ ರಿಜೆಕ್ಟ್ ಮಾಡ್ತಾರೆ" ಅಂತಾನೆ. ಅಮ್ಮನಿಗೆ 61. ಅಣ್ಣನ ಮದುವೆಗೆ ತೆಗೆದ ಕೆಂಪು ಮೈಸೂರು ಸಿಲ್ಕ್ ಉಡ್ತೀನಿ ಅಂತ ಹಟ ಹಿಡಿದಿದ್ದಾರೆ. ಆದರೆ ಅಮ್ಮನಿಗೆ ಗಾಬರಿ ಆದರೆ ಸೆರಗು ಎಳೆದುಕೊಳ್ಳುತ್ತಾ ಇರುವ ಅಭ್ಯಾಸ. ಗಂಭೀರವಾಗಿಯೂ ಇರಬೇಕು, ಗಾಬರಿಯಾದವರ ಥರ ಕಾಣಲೂಬಾರದು. ಹೋಗಿ ಬಂದವರು ಹೇಳಿ.

ಕೆಂಗೇರಿ_ಕಿರಣ
ಸೂಟ್ ಬೇಡ. ಆಗಸ್ಟ್‌ನಲ್ಲಿ ಚೆನ್ನೈ, ಮೇಲಿಂದ ಸೂಟ್, ಅಪ್ಪ ಪಾಪ ಅಲ್ಲೇ ಬೆಂದುಹೋಗ್ತಾರೆ.

ಡಾಲರ್_ಕನಸು
ನಾನು ಬೇರೆ ಹೇಳ್ತೀನಿ. 2019ರಲ್ಲಿ ಓದಲು ಎಫ್1 ವೀಸಾಕ್ಕೆ ಹೋದಾಗ ಬ್ಲೇಜರ್, ಟೈ ಹಾಕಿದ್ದೆ, ಎರಡೇ ನಿಮಿಷದಲ್ಲಿ ವೀಸಾ ಆಯ್ತು. ನನ್ನ ಮುಂದೆ ಟೀ ಶರ್ಟ್ ಹಾಕಿದ್ದ ಹುಡುಗನಿಗೆ ಆಗಲಿಲ್ಲ. ಅಪ್ಪನಿಗೆ ಸೂಟ್ ಹಾಕಿಸಿ. ಇನ್ನೊಂದು ವಿಷಯ, ಡಿಎಸ್-160 ವೀಸಾ ಅರ್ಜಿಯ ಫೋಟೋದಲ್ಲಿ ಹಾಕಿದ ಬಟ್ಟೆಯನ್ನೇ ಸಂದರ್ಶನಕ್ಕೆ ಹಾಕಬಾರದು. ಹಾಕಿದರೆ ತಿರಸ್ಕಾರ ಗ್ಯಾರಂಟಿ.

ಐದು_ಸಲ_ಚೆನ್ನೈ
@ಡಾಲರ್_ಕನಸು ಅದು ಅರ್ಧ ಸರಿ. ಫೋಟೋ ಆರು ತಿಂಗಳ ಒಳಗೆ ತೆಗೆದದ್ದಾಗಿರಬೇಕು, ಅದು ನಿಯಮ. ಹಳೇ ವೀಸಾದ ಫೋಟೋದಲ್ಲಿದ್ದ ಅಂಗಿಯೇ ಹೊಸ ಫೋಟೋದಲ್ಲೂ ಇದ್ದರೆ, ಹಳೇ ಫೋಟೋವನ್ನೇ ಮತ್ತೆ ಕೊಟ್ಟಿದ್ದಾರೆ ಅಂತ ಅನುಮಾನ ಬರಬಹುದು. ಅದಕ್ಕೆ ಬೇರೆ ಅಂಗಿ ಹಾಕಿ ಅನ್ನುತ್ತಾರೆ. ಫೋಟೋದ ಅಂಗಿ ಹಾಕಿಕೊಂಡು ಕಿಟಕಿ ಮುಂದೆ ನಿಂತರೆ ಯಾರೂ ಏನೂ ಅನ್ನಲ್ಲ.

ಮೈಸೂರು_ಮಗಳು, ನಾನು ಎರಡು ಸಲ ನನ್ನ ವೀಸಾಕ್ಕೆ ಹೋಗಿದ್ದೇನೆ. ಅತ್ತೆ ಮಾವ, ಅಮ್ಮ, ಚಿಕ್ಕಪ್ಪ ಅಂತ ಇನ್ನೂ ಮೂರು ಸಲ ಮನೆಯವರನ್ನು ಬಾಗಿಲ ತನಕ ಬಿಟ್ಟು ಬಂದಿದ್ದೇನೆ. ಮೊದಲು ಅಲ್ಲಿ ಏನು ನಡೆಯುತ್ತದೆ ಅಂತ ಹೇಳ್ತೀನಿ, ಬಟ್ಟೆ ಆಮೇಲೆ ತಾನಾಗಿ ಗೊತ್ತಾಗುತ್ತೆ.

ಕಾನ್ಸುಲೇಟ್ ಇರುವುದು ಅಣ್ಣಾ ಸಾಲೈಯಲ್ಲಿ, ಜೆಮಿನಿ ಫ್ಲೈಓವರ್ ಪಕ್ಕ. ಕೊಟ್ಟ ಸಮಯಕ್ಕಿಂತ ತುಂಬಾ ಮೊದಲೇ ಹೋದರೆ ಒಳಗೆ ಬಿಡಲ್ಲ, ಹೊರಗೇ ನಿಲ್ಲಬೇಕು. ಬಿಸಿಲು, ಸೆಕೆ. ಆಮೇಲೆ ಭದ್ರತಾ ತಪಾಸಣೆ. ಮೊಬೈಲ್, ಸ್ಮಾರ್ಟ್ ವಾಚ್, ದೊಡ್ಡ ಬ್ಯಾಗ್ ಏನೂ ಒಯ್ಯುವ ಹಾಗಿಲ್ಲ. ಕೈಯಲ್ಲಿ ಫೈಲ್ ಮಾತ್ರ. ಒಳಗೆ ಎಸಿ. ಹೊರಗೆ ಬೆವರಿ ಬಂದವರಿಗೆ ಅಲ್ಲಿ ಒದ್ದೆ ಬೆನ್ನು ಕೊರೆಯುತ್ತದೆ. ಕಾಯಬೇಕು, ಕೂರಬೇಕು, ಕರೆದಾಗ ಎದ್ದು ಸಾಲಿನಲ್ಲಿ ನಿಲ್ಲಬೇಕು. ಕೊನೆಗೆ ಗಾಜಿನ ಕಿಟಕಿ. ಅಧಿಕಾರಿ ಆ ಕಡೆ, ನೀವು ಈ ಕಡೆ ನಿಂತುಕೊಂಡು. ಅವರಿಗೆ ಕಾಣುವುದು ಹೊಟ್ಟೆಯಿಂದ ಮೇಲೆ. ನಮ್ಮ ಮನೆಯಲ್ಲಿ ಎಲ್ಲರಿಗೂ ಎರಡು ಮೂರು ನಿಮಿಷದಲ್ಲಿ ಮುಗಿದಿದೆ.

ಅಂದರೆ ಆ ಎರಡು ನಿಮಿಷಕ್ಕೆ ಮೊದಲು ಎರಡು ಗಂಟೆ ಆ ಬಟ್ಟೆಯಲ್ಲೇ ಇರಬೇಕು. ಬೆವರು, ಎಸಿ, ಕೂರುವುದು, ಏಳುವುದು. ಅಷ್ಟೆಲ್ಲಾ ಆದಮೇಲೂ ಕೈ ಹಾಕಿ ಸರಿ ಮಾಡಿಕೊಳ್ಳುವ ಅಗತ್ಯ ಬರದ ಬಟ್ಟೆ ಬೇಕು. ನಮ್ಮತ್ತೆ ಕಂಚಿ ಸೀರೆ ಉಟ್ಟುಕೊಂಡು ಹೋಗಿದ್ದರು. ಸೊಂಟದ ಹತ್ತಿರ ನೆರಿಗೆ ಸಡಿಲ ಆಗಿ, ಕಿಟಕಿ ಮುಂದೆ ಒಂದು ಕೈ ನೆರಿಗೆ ಮೇಲೆ, ಒಂದು ಕೈ ಫೈಲ್ ಮೇಲೆ. "ಬೆರಳು ಇಡಿ" ಅಂದಾಗ ಯಾವ ಕೈ ಬಿಡುವುದು ಅಂತ ಗೊತ್ತಾಗಲಿಲ್ಲವಂತೆ. ವೀಸಾ ಆಯ್ತು, ಅದು ಬೇರೆ. ಆದರೆ ಕೇಳಿದ ಪ್ರಶ್ನೆಯೇ ಕಿವಿಗೆ ಬೀಳಲಿಲ್ಲ ಅಂತ ಇವತ್ತಿಗೂ ಹೇಳುತ್ತಾರೆ.

ಹಾಸನ_ಟೇಲರ್
ಮೇಡಂ ಹೇಳಿದ್ದು ನೂರಕ್ಕೆ ನೂರು. ನಾನು 22 ವರ್ಷದಿಂದ ಗಂಡಸರ ಬಟ್ಟೆ ಹೊಲಿಯುತ್ತಿದ್ದೇನೆ. "ವೀಸಾಕ್ಕೆ ಹೋಗಬೇಕು, ನಾಡಿದ್ದೇ ಬೇಕು" ಅಂತ ಬರುವವರು ಜಾಸ್ತಿ. ಅವರಿಗೆಲ್ಲ ನಾನು ಹೇಳುವುದು, ಹೊಸ ಬಟ್ಟೆ ಹಾಕಿಕೊಂಡು ನೇರ ಅಲ್ಲಿಗೆ ಹೋಗಬೇಡಿ. ಹೊಸ ಶರ್ಟಿನ ಕಾಲರ್ ಒಳಗಿನ ಕ್ಯಾನ್ವಾಸ್ ಗಡಸಾಗಿರುತ್ತದೆ, ಕುತ್ತಿಗೆಗೆ ಉಜ್ಜುತ್ತದೆ. ಮನುಷ್ಯ ತನಗೇ ಗೊತ್ತಿಲ್ಲದ ಹಾಗೆ ಕುತ್ತಿಗೆ ಆಡಿಸುತ್ತಾನೆ. ನೋಡುವವರಿಗೆ ಅದು ಗಾಬರಿ ಅನಿಸುತ್ತದೆ. ಎರಡು ಸಲ ಒಗೆದು, ಎರಡು ಸಲ ಹಾಕಿದ ಮೇಲೆ ಸರಿ ಹೋಗುತ್ತೆ. ಮೇಲಿನ ಗುಂಡಿ ಹಾಕಿದ ಮೇಲೆ ಕಾಲರ್ ಮತ್ತು ಕುತ್ತಿಗೆ ನಡುವೆ ಎರಡು ಬೆರಳು ಸಲೀಸಾಗಿ ಹೋಗಬೇಕು.

ಬಟ್ಟೆಯ ವಿಷಯ. ಅಪ್ಪಟ ಕಾಟನ್ ತಂಪು, ಆದರೆ ರೈಲಿನಿಂದ ಇಳಿಯುವಷ್ಟರಲ್ಲಿ ಬೆನ್ನೆಲ್ಲ ಸುಕ್ಕು. ಬರೀ ಪಾಲಿಯೆಸ್ಟರ್ ಸುಕ್ಕಾಗಲ್ಲ, ಆದರೆ ಬೆವರು ಹೀರಲ್ಲ, ಮೈಗೆ ಅಂಟುತ್ತದೆ. ಟೆರಿಕಾಟ್‌ನಲ್ಲಿ ಕಾಟನ್ ಜಾಸ್ತಿ ಇರುವುದನ್ನು ತೊಗೊಳ್ಳಿ. ಅಂಗಡಿಯಲ್ಲಿ ಅಂಗೈಯಲ್ಲಿ ಮುದ್ದೆ ಮಾಡಿ ಹತ್ತು ಎಣಿಸಿ ಬಿಡಿ. ಗೆರೆ ನಿಂತರೆ ಬೇಡ, ನಿಧಾನಕ್ಕೆ ತೆರೆದುಕೊಂಡರೆ ಆಯ್ತು.

ಬಣ್ಣ: ಎಲ್ಲರೂ ತಿಳಿ ನೀಲಿ ಅಂತಾರೆ. ತಿಳಿ ನೀಲಿಯಲ್ಲಿ ಬೆವರಿನ ಗುರುತು ಎದ್ದು ಕಾಣುತ್ತದೆ, ಕಂಕುಳು ಬೆನ್ನು ಎಲ್ಲಾ ಕಡು ನೀಲಿ ಆಗುತ್ತೆ. ಬೂದು ಬಣ್ಣದಲ್ಲಿ ಇನ್ನೂ ಕಷ್ಟ. ಬಿಳಿ ಅಥವಾ ಸಣ್ಣ ಗೀಟಿನ ಶರ್ಟ್, ಒಳಗೆ ಬನಿಯನ್. ಬನಿಯನ್ ಮರೆಯಬಾರದು, ಮೊದಲ ಬೆವರು ಕುಡಿಯುವುದೇ ಅದು.

ಐದು_ಸಲ_ಚೆನ್ನೈ
ಟೇಲರ್ ಸರ್, ಬಿಳಿಗೆ ಒಂದು ತಿದ್ದುಪಡಿ. ಮಂಗಳವಾರ ಬೆರಳಚ್ಚಿನ ಜೊತೆ ಫೋಟೋನೂ ತೆಗೆಯುತ್ತಾರೆ. ಹಿಂದಿನ ಗೋಡೆ ಬಿಳಿ. ಬಿಳಿ ಶರ್ಟ್ ಹಾಕಿದರೆ ಹೆಗಲು ಗೋಡೆಗೆ ಸೇರಿಹೋಗಿ ತಲೆ ಒಂದೇ ತೇಲುತ್ತಿರುವ ಹಾಗೆ ಕಾಣುತ್ತೆ. ಆವತ್ತು ಬಣ್ಣದ್ದು, ಬುಧವಾರ ಬೇಕಾದರೆ ಬಿಳಿ. ಕನ್ನಡಕವೂ ತೆಗೆಯಬೇಕು, 2016ರ ನವೆಂಬರ್‌ನಿಂದ ವೀಸಾ ಫೋಟೋದಲ್ಲಿ ಕನ್ನಡಕ ಇರುವ ಹಾಗಿಲ್ಲ.

ಹಾಸನ_ಟೇಲರ್
ಅದು ನನಗೆ ಗೊತ್ತಿರಲಿಲ್ಲ ಮೇಡಂ. ಹಾಗಾದರೆ ಎರಡು ಜೊತೆ ಹೇಗಿದ್ದರೂ ಬೇಕು. ಮೊದಲ ದಿನದ್ದು ಬೆವರಿಗೆ ಹೋಗಿರುತ್ತೆ.

ಕುಂದಾಪುರದ_ಭಟ್ರು
ಇಷ್ಟೆಲ್ಲಾ ಯಾಕೆ ಮಾರಾಯ್ರೆ? ನಾನು ಹೋದ ವರ್ಷ ಬೆಂಗಳೂರಲ್ಲೇ ಕೊಟ್ಟು ಬಂದೆ. ಅಂಗಿ ನೋಡುವವರು ಯಾರೂ ಇರಲಿಲ್ಲ. ಟೋಕನ್, ಬೆರಳು, ಫೋಟೋ, ಹೊರಗೆ. ಒಂದು ಪ್ರಶ್ನೆಯೂ ಕೇಳಲಿಲ್ಲ.

ಕೆಂಗೇರಿ_ಕಿರಣ
ಭಟ್ರೇ, ಯಾವ ದೇಶಕ್ಕೆ?

ಕುಂದಾಪುರದ_ಭಟ್ರು
ಇಟಲಿ. ಮಗಳ ಜೊತೆ.

ಕೆಂಗೇರಿ_ಕಿರಣ
ಅದು ಯುರೋಪಿನ ಷೆಂಗೆನ್ ವೀಸಾ. ಅದಕ್ಕೆ ಹೆಚ್ಚಾಗಿ ಅರ್ಜಿ ಕೇಂದ್ರದಲ್ಲಿ ಕೊಟ್ಟು ಬರುವುದಷ್ಟೇ. ಇಲ್ಲಿ ಕೇಳಿರುವುದು ಅಮೆರಿಕದ್ದು, ಎದುರಾ ಎದುರು ಸಂದರ್ಶನ.

ಕುಂದಾಪುರದ_ಭಟ್ರು
ಹೌದಾ, ನಾನು ತಲೆಬರಹ ಸರಿ ಓದಲಿಲ್ಲ. ಆದರೆ ಬೆಂಗಳೂರಲ್ಲೇ ಅಮೆರಿಕ ಕಾನ್ಸುಲೇಟ್ ಶುರು ಆಯ್ತಲ್ಲ, ಚೆನ್ನೈಗೆ ಯಾಕೆ?

ಐದು_ಸಲ_ಚೆನ್ನೈ
2025ರ ಜನವರಿಯಲ್ಲಿ ಉದ್ಘಾಟನೆ ಆಯ್ತು, ಆದರೆ ವೀಸಾ ಕೆಲಸ ಇಲ್ಲದೇ ಶುರು ಮಾಡಿದರು. ಅದಕ್ಕೇ ನಮ್ಮವರು ಚೆನ್ನೈ, ಹೈದರಾಬಾದ್ ಅಂತ ಓಡಾಡುವುದು.

ಮೈಸೂರು_ಮಗಳು
ತುಂಬಾ ಧನ್ಯವಾದ. ಆದರೆ ಮುಖ್ಯ ಪ್ರಶ್ನೆ ಹಾಗೇ ಉಳಿಯಿತು. ಪಂಚೆ ಉಟ್ಟರೆ ನಡೆಯುತ್ತದಾ? ಅಪ್ಪ ಹೇಳುವುದು ಕೇಳಿ: "ನಲವತ್ತು ವರ್ಷ ಪಾಠ ಮಾಡಿದವನು ನಾನು, ನನ್ನ ಬಟ್ಟೆಯಲ್ಲಿ ನಾನು ನೆಟ್ಟಗೆ ನಿಲ್ಲುತ್ತೇನೆ. ಪ್ಯಾಂಟ್ ಹಾಕಿಸಿದರೆ ಬೇರೆಯವರ ಹಾಗೆ ನಿಲ್ಲುತ್ತೇನೆ." ನನಗೆ ಇದಕ್ಕೆ ಉತ್ತರ ಗೊತ್ತಾಗಲಿಲ್ಲ.

ಡಾಲರ್_ಕನಸು
ಪಂಚೆ ರಿಸ್ಕ್. ಕ್ಷಮಿಸಿ, ಆದರೆ ನಿಜ ಹೇಳಬೇಕಲ್ವಾ. ಹೋದಮೇಲೆ ಅಲ್ಲಿಯ ಸಮಾಜಕ್ಕೆ ಹೊಂದಿಕೊಳ್ಳುತ್ತಾರೆ ಅಂತ ತೋರಿಸಬೇಕು.

ಸಾಗರ_ಶಾರದಾ
@ಡಾಲರ್_ಕನಸು ಇಲ್ಲ ಇಲ್ಲ, ಪೂರ್ತಿ ಉಲ್ಟಾ. ಇದು ಪ್ರವಾಸಿ ವೀಸಾ. ಅವರ ಕಾನೂನಿನ 214(ಬಿ) ಪ್ರಕಾರ, ನೀವು ಅಲ್ಲೇ ಉಳಿಯಲು ಬಂದವರು ಅಂತಲೇ ಇಟ್ಟುಕೊಂಡು ಶುರು ಮಾಡುತ್ತಾರೆ. ಅಲ್ಲ, ವಾಪಸ್ ಬರ್ತೀವಿ ಅಂತ ತೋರಿಸಬೇಕಾದದ್ದು ನಾವು. ಅಲ್ಲಿಗೆ ಹೊಂದಿಕೊಳ್ಳುತ್ತಾರೆ ಅಂತ ಯಾಕೆ ತೋರಿಸಬೇಕು? ಮೈಸೂರಿನಲ್ಲಿ ಮನೆ, ಪೆನ್ಷನ್, ದಿನಾ ಉಡುವ ಪಂಚೆ, ಇಲ್ಲಿ ಬೇರೂರಿದ ಮನುಷ್ಯ ಅಂತ ಕಾಣಲಿ ಬಿಡಿ.

ಐದು_ಸಲ_ಚೆನ್ನೈ
ಶಾರದಕ್ಕ, 214(ಬಿ) ಸರಿ. ಆದರೆ ಪಂಚೆಯನ್ನು ಸಾಕ್ಷಿ ಮಾಡುವುದೂ ಬೇಡ. ಅವರು ಅರ್ಜಿ ಓದಿರುತ್ತಾರೆ. ಮಗ ಏನು ಮಾಡುತ್ತಾನೆ, ಎಷ್ಟು ದಿನ ಇರುತ್ತೀರಿ, ಖರ್ಚು ಯಾರದು, ಇಲ್ಲಿ ಯಾರಿದ್ದಾರೆ ಅಂತ ಕೇಳುತ್ತಾರೆ. ಉತ್ತರ ಅರ್ಜಿಗೆ ತಾಳೆ ಆಗಬೇಕು, ಅಷ್ಟೇ. ಬಟ್ಟೆ ವೀಸಾ ಕೊಡಿಸಲ್ಲ. ಆದರೆ ಮೈಮೇಲಿನ ಬಟ್ಟೆ ಕಾಟ ಕೊಟ್ಟರೆ ಉತ್ತರ ತೊದಲುತ್ತದೆ. ನಮ್ಮ ಮಾವ ಪಂಚೆಯಲ್ಲೇ ಹೋಗಿ ವೀಸಾ ತಂದರು.

ಬಳ್ಳಾರಿ_ಬಸವ
ಪಂಚೆಗೆ ಚೆನ್ನೈನಲ್ಲಿ ಯಾರು ಬೇಡ ಅಂತಾರೆ? ಅದು ಅವರ ವೇಷ್ಟಿ. 2014ರಲ್ಲಿ ಅಲ್ಲಿಯ ಒಂದು ಕ್ಲಬ್ಬು ವೇಷ್ಟಿ ಉಟ್ಟ ಹೈಕೋರ್ಟ್ ನ್ಯಾಯಾಧೀಶರನ್ನೇ ಒಳಗೆ ಬಿಡಲಿಲ್ಲ. ಅದೇ ವರ್ಷ ತಮಿಳುನಾಡು ಸರ್ಕಾರ ಕಾನೂನು ಮಾಡಿತು. ಈಗ ತಡೆದರೆ ಕೇಸ್.

ಕೆಂಗೇರಿ_ಕಿರಣ
ಅದು ಕ್ಲಬ್ಬು, ಸಭಾಂಗಣ ಅಂಥ ಜಾಗಗಳಿಗೆ ಗುರು. ಕಾನ್ಸುಲೇಟ್ ಬಾಗಿಲಲ್ಲಿ ಆ ಕಾನೂನು ಓದಿ ಹೇಳ್ತೀಯಾ? ನಮ್ಮ ಬೆಂಗಳೂರಿನಲ್ಲೇ 2024ರಲ್ಲಿ ಪಂಚೆ ಉಟ್ಟ ರೈತರನ್ನು ಮಾಲ್ ಒಳಗೆ ಬಿಡಲಿಲ್ಲವಲ್ಲ, ಅದನ್ನು ಮೊದಲು ನೋಡಬೇಕು.

ಬಳ್ಳಾರಿ_ಬಸವ
ಅದು ನೆನಪಾದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಆ ಮಾಲ್ ಕೆಲವು ದಿನ ಮುಚ್ಚಿಸಿದರು, ಒಳ್ಳೆಯದಾಯಿತು.

ಹಾಸನ_ಟೇಲರ್
ವಿಷಯಕ್ಕೆ ಬರೋಣ. ಪಂಚೆ ಉಡುವುದಾದರೆ ವೆಲ್ಕ್ರೋ ಅಂಟಿಸುವ ಪಂಚೆ ಬೇಡ ಅಂತ ನನ್ನ ಅಭಿಪ್ರಾಯ. ದಿನಾ ಗಂಟು ಹಾಕಿ ಉಡುವವರಿಗೆ ಅದರ ಮೇಲೆ ನಂಬಿಕೆ ಬರಲ್ಲ, ಕೈ ಪದೇ ಪದೇ ಸೊಂಟಕ್ಕೆ ಹೋಗುತ್ತದೆ. ಆದರೆ ಅದರಲ್ಲಿ ಜೇಬು ಇರುತ್ತೆ, ಅದೊಂದು ಅನುಕೂಲ. ಮಾಮೂಲಿ ಪಂಚೆ ಆದರೆ ಪಾಸ್‌ಪೋರ್ಟ್‌ಗೆ ಶರ್ಟಿನ ಜೇಬು ಸ್ವಲ್ಪ ದೊಡ್ಡದು ಇಡಿಸಿ. ಗಂಜಿ ತೀರಾ ಜಾಸ್ತಿ ಹಾಕಿಸಬೇಡಿ. ಗರಿಗರಿ ಪಂಚೆ ಕೂತು ಎದ್ದಾಗ ಮಂಡಿ ಹತ್ತಿರ ಉಬ್ಬಿ ನಿಲ್ಲುತ್ತದೆ, ಮತ್ತೆ ಇಳಿಬೀಳಲ್ಲ. ಎತ್ತಿ ಕಟ್ಟುವ ಅಭ್ಯಾಸ ಇದ್ದರೆ ಆವತ್ತು ಮಾತ್ರ ಬೇಡ ಅಂತ ಹೇಳಿಡಿ. ಸೊಂಟಕ್ಕೆ ಬೆಲ್ಟ್ ಕಟ್ಟುವವರಾದರೆ ಅದರ ಬಕಲ್ ಮೆಟಲ್ ಡಿಟೆಕ್ಟರ್‌ಗೆ ಸಿಗುತ್ತೆ. ಅಲ್ಲಿ ಬಿಚ್ಚಿಸಿದರೆ ಪಂಚೆ ಮತ್ತೆ ಉಡಬೇಕಾಗುತ್ತದೆ. ಬೆಲ್ಟ್ ಇಲ್ಲದೆ ಒಂದು ವಾರ ಉಟ್ಟು ರೂಢಿ ಮಾಡಿಕೊಳ್ಳಲಿ.

ರೇಷ್ಮೆ_ರುಕ್ಮಿಣಿ
ಅಮ್ಮನ ಸೀರೆ ಬಗ್ಗೆ ಯಾರೂ ಹೇಳಲಿಲ್ಲ! ನಮ್ಮದು ಸೀರೆ ಅಂಗಡಿ. ಮೈಸೂರು ಸಿಲ್ಕ್ ಕ್ರೇಪ್ ಆದ್ದರಿಂದ ಸುಕ್ಕಾಗುವುದು ಕಮ್ಮಿ, ಕಂಚಿಯ ಹಾಗೆ ಭಾರವಾಗಿ ಉಬ್ಬಿ ನಿಲ್ಲಲ್ಲ. ಅಷ್ಟರ ಮಟ್ಟಿಗೆ ಅಮ್ಮನ ಆಯ್ಕೆ ತಪ್ಪಲ್ಲ. ತೊಂದರೆ ಎರಡು. ಒಂದು, ಜಾರುತ್ತದೆ. ಸೆರಗು ಎಳೆದುಕೊಳ್ಳುವ ಅಭ್ಯಾಸ ಇರುವವರಿಗೆ ಅದು ಇನ್ನೂ ಕೆಲಸ ಕೊಡುತ್ತೆ. ಎರಡು, ಬೆವರು ಬಿದ್ದರೆ ಕಲೆ ನಿಲ್ಲುತ್ತದೆ. ಮದುವೆ ಸೀರೆ ಬೇರೆ, ಅದು ಹಾಳಾಗುತ್ತಾ ಅಂತ ಮನಸ್ಸು ಅಲ್ಲೇ ಇರುತ್ತೆ.

ಜರಿ ಕಮ್ಮಿ ಇರುವ ಕಾಟನ್ ಸಿಲ್ಕ್ ನೋಡಿ. ಗಿಣಿ ಹಸಿರು, ರಾಣಿ ಬಣ್ಣ ಬೇಡ. ಗಾಢ ನೇರಳೆ, ಕಡು ನೀಲಿ, ಜೇನಿನ ಬಣ್ಣ ಚೆನ್ನಾಗಿ ಕಾಣುತ್ತೆ, ಬೆವರೂ ಗೊತ್ತಾಗಲ್ಲ. ಸೆರಗನ್ನು ನೆರಿಗೆ ಹಿಡಿದು ಹೆಗಲಿಗೆ ಪಿನ್ ಮಾಡಿ.

ಸಾಗರ_ಶಾರದಾ
ಪಿನ್ನು ಡಿಟೆಕ್ಟರ್‌ನಲ್ಲಿ ಕೂಗಲ್ವಾ?

ರೇಷ್ಮೆ_ರುಕ್ಮಿಣಿ
ನನಗೆ ಹೆಗಲಿಗೊಂದು, ಸೊಂಟಕ್ಕೊಂದು ಇತ್ತು, ತಾಳಿ, ಬಳೆ ಎಲ್ಲಾ ಇತ್ತು. ಕೈಯಲ್ಲಿ ಹಿಡಿಯುವ ಯಂತ್ರ ಕೂಗಿತು, ಪೊಲೀಸಮ್ಮ ನೋಡಿ ಕಳಿಸಿದರು. ಏನೂ ತೆಗೆಸಲಿಲ್ಲ. ಹತ್ತು ಪಿನ್ ಚುಚ್ಚಿಕೊಂಡು ಹೋದರೆ ಹತ್ತು ಕಡೆ ಕೂಗುತ್ತೆ, ಅಷ್ಟೇ. ಆಗ ಸುಮ್ನೆ ಗಾಬರಿ.

ಹುಬ್ಬಳ್ಳಿ_ಆಯೆಷಾ
ನಡುವೆ ನಂದೊಂದು ಪ್ರಶ್ನೆ. ನಮ್ಮ ಅಮ್ಮಿ ತಲೆಗೆ ದುಪಟ್ಟಾ ಹಾಕ್ತಾರೆ. ಫೋಟೋಗೆ ತೆಗೆಯಬೇಕಾ?

ಐದು_ಸಲ_ಚೆನ್ನೈ
ಧರ್ಮದ ಕಾರಣಕ್ಕೆ ದಿನಾ ಹಾಕುವುದಾದರೆ ಬೇಡ. ಹಣೆಯಿಂದ ಗಲ್ಲದ ತನಕ ಮುಖ ಪೂರ್ತಿ ಕಾಣಬೇಕು, ಮುಖದ ಮೇಲೆ ನೆರಳು ಬೀಳಬಾರದು. ಬಿಳಿ ದುಪಟ್ಟಾ ಮಾತ್ರ ಬೇಡ, ಅದೇ ಗೋಡೆ ಕಥೆ.

ಹುಬ್ಬಳ್ಳಿ_ಆಯೆಷಾ
ದೊಡ್ಡ ಉಪಕಾರ ಆಯ್ತು ಅಕ್ಕಾ.

ಡಾಲರ್_ಕನಸು
ಎಲ್ಲರೂ ಹೇಳಿದಮೇಲೂ ನನಗೆ ಪಂಚೆ ಒಪ್ಪಿಗೆ ಆಗುತ್ತಿಲ್ಲ. ಅಧಿಕಾರಿನೂ ಮನುಷ್ಯನೇ. ಮೊದಲ ನೋಟ ಅಂತ ಒಂದು ಇರುತ್ತೆ.

ಸಾಗರ_ಶಾರದಾ
ಮೊದಲ ನೋಟಕ್ಕೆ ಗಾಜಿನಾಚೆ ಕಾಣುವುದು ಶರ್ಟ್, ಮುಖ. ಪಂಚೆ ಅವರಿಗೆ ಕಾಣಿಸೋದೇ ಅನುಮಾನ. ನಮ್ಮ ಭಾವ ಹೊಸ ಸೂಟ್ ಹೊಲಿಸಿಕೊಂಡು ಹೋಗಿ 214(ಬಿ) ಚೀಟಿ ತಂದರು. ಮಗನ ಕಂಪನಿ ಹೆಸರು ಹೇಳಲಿಕ್ಕೇ ಬರಲಿಲ್ಲ.

ಡಾಲರ್_ಕನಸು
ಅದು ಸೂಟಿನ ತಪ್ಪಲ್ಲವಲ್ಲ.

ಸಾಗರ_ಶಾರದಾ
ನಾನು ಹೇಳಿದ್ದೂ ಅದೇ!

ಮೈಸೂರು_ಮಗಳು
ನಿನ್ನೆ ಭಾನುವಾರ ಮನೆಯಲ್ಲೇ ಒಂದು ಪರೀಕ್ಷೆ ಮಾಡಿದೆವು. ಬೆಳಿಗ್ಗೆ ಹತ್ತಕ್ಕೆ ಇಬ್ಬರಿಗೂ ಪೂರ್ತಿ ಬಟ್ಟೆ. ಅರ್ಧ ಗಂಟೆ ಟೆರೇಸಿನಲ್ಲಿ ಬಿಸಿಲಿಗೆ ನಿಂತರು, ಆಮೇಲೆ ಫ್ಯಾನ್ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಂದು ಗಂಟೆ, ನಡುವೆ ನಾಲ್ಕು ಸಲ ಎಬ್ಬಿಸಿದೆ. ಕೊನೆಗೆ ಅಡುಗೆಮನೆ ಕಿಟಕಿಯ ಆಚೆ ನಾನು, ಈಚೆ ಅವರು. ಪ್ರಶ್ನೆ ಕೇಳಿದೆ.

ಅಮ್ಮ ಹಟ ಮಾಡಿ ಮೈಸೂರು ಸಿಲ್ಕೇ ಉಟ್ಟಿದ್ದರು. ಮೂರನೇ ಸಲ ಏಳುವಾಗ ನೆರಿಗೆ ಎರಡು ಬೆರಳಷ್ಟು ಕೆಳಗೆ ಜಾರಿ, ಅಂಚು ಚಪ್ಪಲಿಗೆ ಸಿಕ್ಕಿತು. "ಎಷ್ಟು ತಿಂಗಳು ಇರ್ತೀರಿ" ಅಂತ ಕೇಳಿದರೆ ಅಮ್ಮ ನನ್ನ ಮುಖ ನೋಡಲಿಲ್ಲ, ಪಾದ ನೋಡಿದರು. ಕುಪ್ಪಸದ ತೋಳಿನ ಕೆಳಗೆ ಅಂಗೈ ಅಗಲ ಬೆವರು. ಕನ್ನಡಿಯಲ್ಲಿ ತಾವೇ ನೋಡಿಕೊಂಡು, ಏನೂ ಮಾತಾಡದೆ ಒಳಗೆ ಹೋಗಿ, ಕಡು ನೀಲಿ ಕಾಟನ್ ಸಿಲ್ಕ್ ಉಟ್ಟು ಬಂದರು. ನನ್ನ ಸೀಮಂತಕ್ಕೆ ತೊಗೊಂಡಿದ್ದು, ಏಳೆಂಟು ಸಲ ಉಟ್ಟಿದ್ದಾರೆ. ಹೆಗಲಿಗೆ ಒಂದು ಪಿನ್. ಮತ್ತೆ ಕಿಟಕಿ ಹತ್ತಿರ ನಿಂತರು. ಕೈ ಎರಡೂ ಫೈಲ್ ಮೇಲೆ ಇತ್ತು.

ಅಪ್ಪನಿಗೆ ಪಂಚೆಯಲ್ಲಿ ಒಂದೂ ತೊಂದರೆ ಆಗಲಿಲ್ಲ. ತೊಂದರೆ ಆದದ್ದು ಶರ್ಟಿಗೆ. ಅಣ್ಣನ ಸಮಾಧಾನಕ್ಕೆ ಪೂರ್ತಿ ತೋಳಿನ ಹೊಸ ಶರ್ಟ್ ತಂದಿದ್ದೆವು, ಕಾಲರ್ ಒಳಗೆ ಎರಡು ಬೆರಳಲ್ಲ, ಒಂದೂ ಹೋಗಲಿಲ್ಲ. ಟೇಲರ್ ಸರ್, ಈಗ ಏನು ಮಾಡಲಿ? ಗುರುವಾರ ಹೊಸದು ಹೊಲಿಸಿದರೆ ಒಗೆದು ಮೆತ್ತಗಾಗುವ ಸಮಯ ಇಲ್ಲ.

ಹಾಸನ_ಟೇಲರ್
ಹೊಸದು ಬೇಡ. ಮೇಲಿನ ಗುಂಡಿಯನ್ನು ಅರ್ಧ ಇಂಚು ಆಚೆ ಸರಿಸಿ ಹೊಲಿಯಿರಿ. ಟೈ ಕಟ್ಟಲ್ಲ ಅಂದರೆ ಮೇಲಿನ ಗುಂಡಿ ಹಾಕದೆಯೂ ನಡೆಯುತ್ತದೆ. ದಿನಾ ಅರ್ಧ ತೋಳು ಹಾಕುವವರಿಗೆ ಪೂರ್ತಿ ತೋಳಿನ ಕಫ್ ಹಿಂಸೆ. ಅವರದೇ ಒಳ್ಳೆಯ ಅರ್ಧ ತೋಳಿನ ಶರ್ಟ್ ಇದ್ದರೆ ಇಸ್ತ್ರಿ ಮಾಡಿಸಿ ಕಳಿಸಿ. ಪಂಚೆಗೆ ಅದೇ ಒಪ್ಪುತ್ತದೆ.

ಐದು_ಸಲ_ಚೆನ್ನೈ
ರಾತ್ರಿ ಕಾವೇರಿ ಎಕ್ಸ್‌ಪ್ರೆಸ್‌ನಲ್ಲಿ ಹೋಗುವುದಾದರೆ ಆ ಬಟ್ಟೆ ರೈಲಿನಲ್ಲಿ ಹಾಕಿಸಬೇಡಿ. ಸೂಟ್‌ಕೇಸ್‌ನಲ್ಲಿ ಮೇಲಿರಲಿ. ಅಮ್ಮನಿಗೆ ಒಂದು ತೆಳು ಶಾಲು ಕೊಡಿ, ಒಳಗೆ ಎಸಿ. ಸೆರಗು ಎಳೆಯುವ ಕೈಗೆ ಶಾಲು ಹಿಡಿದುಕೊಳ್ಳುವ ಕೆಲಸವೂ ಆಗುತ್ತೆ.

ರೇಷ್ಮೆ_ರುಕ್ಮಿಣಿ
ಶಾಲು ಬೇಡ ಅನ್ನುತ್ತೇನೆ ನಾನು. ಅದೂ ಜಾರುತ್ತದೆ, ಅದನ್ನೂ ಎಳೆದುಕೊಳ್ಳುತ್ತಾರೆ. ಮೊಣಕೈ ತನಕ ತೋಳಿರುವ ಕುಪ್ಪಸ ಸಾಕು.

ಐದು_ಸಲ_ಚೆನ್ನೈ
ನಮ್ಮಮ್ಮನಿಗೆ ಶಾಲು ಇಲ್ಲದೆ ಹಲ್ಲು ಕಟಕಟ ಅಂದಿತ್ತು. ನೋಡಿ, ಅಮ್ಮನಿಗೆ ಚಳಿ ಆಗುತ್ತಾ ಇಲ್ವಾ ಅದರ ಮೇಲೆ.

ಮೈಸೂರು_ಮಗಳು
ಚೆನ್ನೈನಿಂದ ಬರೆಯುತ್ತಿದ್ದೇನೆ. ಇವತ್ತು ಬೆರಳಚ್ಚು ಮುಗಿಯಿತು. ಅಪ್ಪ ಕಾಫಿ ಬಣ್ಣದ ಶರ್ಟ್, ಪಂಚೆ. ಯಾರೂ ಏನೂ ಅನ್ನಲಿಲ್ಲ. ಸಾಲಿನಲ್ಲಿ ಇನ್ನೂ ಇಬ್ಬರು ಪಂಚೆಯವರಿದ್ದರಂತೆ, ಒಬ್ಬರು ಸೇಲಂನವರು. ಅಪ್ಪ ಅವರ ಜೊತೆ ಮಾತಿಗೆ ಕೂತುಬಿಟ್ಟರು. ಅಮ್ಮನ ಬೆರಳಚ್ಚು ಮಾತ್ರ ಎರಡು ಮೂರು ಸಲ ತೆಗೆದರು. ಪಾತ್ರೆ ತೊಳೆದು ಬೆರಳು ಸವೆದಿವೆ, ಒರೆಸಿಕೊಂಡು ಮತ್ತೆ ಇಟ್ಟಮೇಲೆ ಬಂತು.

ಸಂದರ್ಶನ ನಾಳೆ ಒಂಬತ್ತೂವರೆಗೆ. ಅಮ್ಮ ನೀಲಿ ಸೀರೆಗೆ ಹೋಟೆಲಿನಲ್ಲಿ ಇಸ್ತ್ರಿ ಮಾಡಿಸಿ ಕುರ್ಚಿ ಮೇಲೆ ಹಾಕಿದ್ದಾರೆ. ಶಾಲಿನ ವಿಷಯ ಇನ್ನೂ ತೀರ್ಮಾನ ಆಗಿಲ್ಲ, ಚೀಲದಲ್ಲಿ ಇದೆ. ಅಣ್ಣ ಈಗಷ್ಟೇ ಫೋನ್ ಮಾಡಿ "ಅಪ್ಪಂಗೆ ಕೊನೇಪಕ್ಷ ಶೂ ಹಾಕಿಸು" ಅಂದ. ಪಂಚೆಗೆ ಶೂನಾ? ಚರ್ಮದ ಚಪ್ಪಲಿ ಸಾಕಲ್ವಾ?

ಹಾಸನ_ಟೇಲರ್
ಚಪ್ಪಲಿ ಸಾಕು ಮೇಡಂ. ಹೊಸದು ಮಾತ್ರ ಬೇಡ, ಕಚ್ಚುತ್ತದೆ.